ಶಾಲೆಯ ಸಮಯಕ್ಕೆ ಹೊಂದುವ ಕೆಲಸ: ಮೊದಲು ರಶ್ ಯಾವಾಗ ಎಂದು ಕೇಳಿ

ಉಪ್ಪಳದ ಒಬ್ಬ ತಾಯಿ ಎಂದಿಟ್ಟುಕೊಳ್ಳಿ. ಮಕ್ಕಳು ಬೆಳಿಗ್ಗೆ 9.30ಕ್ಕೆ ಹೊರಟರೆ ಸಂಜೆ 4.15ಕ್ಕೆ ಮನೆಗೆ. ಮಂಗಳೂರಿನ ಬಟ್ಟೆ ಅಂಗಡಿಗೆ ಸೇರಿದರೆ ಹೋಗಿಬರುವ ಬಸ್ಸಿಗೇ ಎರಡು ಗಂಟೆ ಬೇಕು. ಅದಕ್ಕಿಂತ ದೊಡ್ಡ ತೊಂದರೆ, ಅಲ್ಲಿ ಗಿರಾಕಿ ಬರುವುದೇ ಸಂಜೆ. ಮೂರಕ್ಕೆ ಬಿಡ್ತೇನೆ ಎಂದ ಮಾಲಕರೇ ಪೆರ್ನಾಲ್ ಹತ್ತಿರ ಬಂದಾಗ ‘ಏಳರವರೆಗೆ ನಿಲ್ಲಿ’ ಅಂತಾರೆ.

ಕ್ಲಿನಿಕ್‌ನ ಬೆಳಗಿನ ಒಪಿ ಹಾಗಲ್ಲ, ರಶ್ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಊರಲ್ಲೇ 10ರಿಂದ 2ರವರೆಗೆ ಟೋಕನ್ ಕೊಡುವ ಕೆಲಸ ಸಿಕ್ಕಿದರೆ ಸಂಬಳ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ, ಬಸ್ ಖರ್ಚು ಉಳಿಯಿತಲ್ಲ. ಆದರೆ ಎಪ್ರಿಲ್-ಮೇ ರಜೆಯಲ್ಲಿ ಮಕ್ಕಳು ಮನೆಯಲ್ಲೇ. ಆಗ ಬದಲಿಗೆ ಯಾರು, ಸಂಬಳ ಎಷ್ಟು ಕಡಿತ ಎಂಬುದನ್ನು ಸೇರುವ ದಿನವೇ ಮಾತಾಡಿಕೊಳ್ಳಬೇಕು.