ಮರದಾನೆಯ ಮುಂದೆ ಘೋಷವತಿ

ವತ್ಸ ದೇಶದ ಅರಸ ಉದಯನನಿಗೆ ಎರಡು ಹುಚ್ಚು: ಒಂದು ಆನೆಯದು, ಇನ್ನೊಂದು ವೀಣೆಯದು. ಯಮುನೆಯ ದಡದ ಕೌಶಾಂಬಿ ಅವನ ರಾಜಧಾನಿ. ಬುದ್ಧನ ಕಾಲದಲ್ಲಿ ಆಳಿದ ಈ ದೊರೆ ಕಾಡಿಗೆ ಹೋಗಿ ವೀಣೆ ನುಡಿಸಿದರೆ ಸಲಗಗಳು ತಾವಾಗಿ ಬಂದು ತಲೆಬಾಗುತ್ತಿದ್ದವಂತೆ. ಆ ವೀಣೆಯ ಹೆಸರು ಘೋಷವತಿ. ಮೃಗವನ್ನು ಪಳಗಿಸುವ, ಪ್ರೀತಿಯನ್ನು ಹುಟ್ಟಿಸುವ ವಾದ್ಯಗಳ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ. ಒಂದೇ ವಾದ್ಯ ಎರಡನ್ನೂ ಮಾಡಿದ್ದು, ಜೊತೆಗೆ ಒಮ್ಮೆ ಹೀನಾಯವಾಗಿ ಸೋತದ್ದು ಘೋಷವತಿಯ ಕಥೆಯಲ್ಲಿ. ಆ ಸೋಲೇ ಈ ಕಥೆಯ ಜೀವಾಳ.

ಕಾಶ್ಮೀರದ ಸೋಮದೇವ 11ನೇ ಶತಮಾನದಲ್ಲಿ ಬರೆದ ಕಥಾಸರಿತ್ಸಾಗರದಲ್ಲಿ ವೀಣೆ ಬಂದ ಬಗೆ ಹೀಗಿದೆ. ಹುಡುಗ ಉದಯನ ಕಾಡಿನಲ್ಲಿ ಓಡಾಡುವಾಗ ಬೇಡನೊಬ್ಬ ಚೆಂದದ ಹಾವೊಂದನ್ನು ಹಿಡಿದಿದ್ದ. ಅದನ್ನು ಆಡಿಸಿ ಹೊಟ್ಟೆ ಹೊರೆಯುವುದು ಅವನ ಕಸುಬು. ಉದಯನ ತನ್ನ ಕೈಕಡಗವನ್ನೇ ಬಿಚ್ಚಿಕೊಟ್ಟು ಹಾವನ್ನು ಬಿಡಿಸಿದ. ಆ ಹಾವು ವಾಸುಕಿಯ ಅಣ್ಣ ವಸುನೇಮಿ. ಉಪಕಾರಕ್ಕೆ ಪ್ರತಿಯಾಗಿ ಅವನು ಕೊಟ್ಟ ಉಡುಗೊರೆಗಳಲ್ಲಿ ಈ ವೀಣೆಯೂ ಒಂದು.

ಬೌದ್ಧರ ಧಮ್ಮಪದ ಅಟ್ಠಕಥೆಯಲ್ಲಿ ನಾಗನಿಲ್ಲ. ಅಲ್ಲಿ ಅಲ್ಲಕಪ್ಪ ಎಂಬ ತಪಸ್ವಿ ಉದಯನನಿಗೆ ಆನೆ ಒಲಿಸುವ ವೀಣೆಯನ್ನೂ ಮಂತ್ರವನ್ನೂ ಕಲಿಸುತ್ತಾನೆ. ಪಾಠದ ವಿವರ ಕುತೂಹಲ ಹುಟ್ಟಿಸುವಂಥದು. ಒಂದು ತಂತಿಯನ್ನು ಅದರ ಮಂತ್ರದೊಂದಿಗೆ ಮಿಡಿದರೆ ಆನೆಗಳು ತಿರುಗಿ ನೋಡದೆ ಓಡುತ್ತವೆ. ಇನ್ನೊಂದನ್ನು ಮಿಡಿದರೆ ಹಿಂದೆ ತಿರುಗಿ ನೋಡುತ್ತ ನೋಡುತ್ತ ಓಡುತ್ತವೆ. ಮೂರನೆಯದನ್ನು ಮಿಡಿದರೆ ಹಿಂಡಿನ ಒಡೆಯನೇ ಬಂದು ಬೆನ್ನು ಬಗ್ಗಿಸಿ ನಿಲ್ಲುತ್ತಾನೆ. ಕಥೆ ಕಟ್ಟಿದವರಿಗೆ ಆನೆಯ ಒಡನಾಟವಿತ್ತು ಎನ್ನಲು ಇಷ್ಟು ಸಾಕು. ಹೋಗು, ನಿಧಾನಿಸು, ಬಾ ಎಂದು ಒಂದೊಂದು ಕೆಲಸಕ್ಕೆ ಒಂದೊಂದು ದನಿ ಇಟ್ಟುಕೊಳ್ಳುವುದು ಮಾವುತರ ಕ್ರಮ. ಮಾಯದ ವೀಣೆಯಲ್ಲೂ ಆ ಕ್ರಮ ಉಳಿದುಕೊಂಡಿದೆ.

ಉಜ್ಜಯಿನಿಯ ಪ್ರದ್ಯೋತ ಮಹಾಸೇನನಿಗೆ ಉದಯನ ಬೇಕಿತ್ತು. ಯುದ್ಧದಲ್ಲಿ ಅವನನ್ನು ಹಿಡಿಯುವುದು ಸುಲಭವಲ್ಲ. ಹಾಗಾಗಿ ಅವನ ಹುಚ್ಚನ್ನೇ ಬಲೆ ಮಾಡಿದರು. ಮರದಲ್ಲಿ ದೊಡ್ಡ ಆನೆಯೊಂದನ್ನು ಮಾಡಿ, ಬಣ್ಣ ಬಳಿದು, ಒಳಗೆ ಆಳುಗಳನ್ನು ತುಂಬಿ, ಗಡಿಯ ಕಾಡಿನಲ್ಲಿ ಅಡ್ಡಾಡಿಸಿದರು. ಪಾಲಿ ಕಥೆಯ ಪ್ರಕಾರ ಹೊಟ್ಟೆಯೊಳಗೆ ಅರವತ್ತು ಜನ. ಅನುಮಾನ ಬಾರದಿರಲೆಂದು ಅವರು ಆಗಾಗ ಆನೆಯ ಲದ್ದಿಯನ್ನೂ ಹೊರಗೆ ಸುರಿಯುತ್ತಿದ್ದರಂತೆ. ಅಪರೂಪದ ಆನೆ ಬಂದಿದೆ ಎಂಬ ಸುದ್ದಿ ಕೌಶಾಂಬಿಗೆ ಮುಟ್ಟಿತು. ಅರಸ ವೀಣೆ ಹಿಡಿದು ಹೊರಟ.

ಮುಂದಿನದನ್ನು ಎರಡು ಪರಂಪರೆಗಳು ಎರಡು ಬಗೆಯಲ್ಲಿ ಹೇಳುತ್ತವೆ. ಪಾಲಿಯಲ್ಲಿ ಉದಯನ ಎಷ್ಟು ನುಡಿಸಿದರೂ ಆನೆ ಕೇಳಿಸದಂತೆ ಓಡುತ್ತದೆ. ಅವನು ಬೆನ್ನಟ್ಟುತ್ತಾನೆ, ಸೈನ್ಯ ಹಿಂದುಳಿಯುತ್ತದೆ, ಅಡಗಿದ್ದವರು ಮುತ್ತುತ್ತಾರೆ. ಸೋಮದೇವನ ಆನೆ ಹಾಗಲ್ಲ. ಅದು ಸಂಗೀತವನ್ನು ಕೇಳುವಂತೆ ನಟಿಸುತ್ತದೆ. ಮುಸ್ಸಂಜೆಯ ಮಬ್ಬಿನಲ್ಲಿ ಉದಯನ ಮೆಲ್ಲಗೆ ನುಡಿಸುತ್ತ ಹತ್ತಿರ ಬಂದರೆ ಅದು ಕಿವಿ ಎತ್ತಿ ಆಲಿಸುತ್ತದೆ, ಒಂದಿಷ್ಟು ಮುಂದೆ ಬರುತ್ತದೆ, ಮತ್ತೆ ಹಿಂದೆ ಸರಿಯುತ್ತದೆ. ಹೀಗೆ ಅವನನ್ನು ದೂರ, ಇನ್ನೂ ದೂರ ಎಳೆದುಕೊಂಡು ಹೋಗುತ್ತದೆ. ತನ್ನ ನಾದದಲ್ಲೇ ಮುಳುಗಿದ ಅರಸನಿಗೆ ಎದುರಿಗಿರುವುದು ಮರ ಎಂಬುದು ತಿಳಿಯುವುದೇ ಇಲ್ಲ.

ಇಲ್ಲಿ ಸೋಮದೇವನ ಕೈಚಳಕ ದೊಡ್ಡದು. ಘೋಷವತಿಯ ಮಾಯೆ ಆ ಸಂಜೆಯೂ ಕೆಲಸ ಮಾಡಿತು, ಆದರೆ ಅದಕ್ಕೆ ಸಿಕ್ಕಿದವನು ನುಡಿಸುತ್ತಿದ್ದವನೇ.

ಗ್ರೀಕರು ಇದೇ ಸಂದರ್ಭವನ್ನು ಹೀಗೆ ಬರೆಯುತ್ತಿರಲಿಲ್ಲ. ಅವರ ಆಂಫಿಯಾನ್ ಲೈರ್ ನುಡಿಸಿದಾಗ ಥೀಬ್ಸ್ ಪಟ್ಟಣದ ಕೋಟೆಗೆ ಬಂಡೆಗಳು ತಾವಾಗಿ ನಡೆದುಬರುತ್ತವೆ. ಅವನ ಅವಳಿ ಸೋದರ ಝೀಥಸ್ ಬೆಟ್ಟದ ತುದಿಯಷ್ಟು ಕಲ್ಲನ್ನು ಹೆಗಲ ಮೇಲೆ ಹೊತ್ತು ಏದುಸಿರು ಬಿಡುತ್ತಿದ್ದರೆ, ಆಂಫಿಯಾನನ ಹಿಂದೆ ಅದರ ಎರಡರಷ್ಟು ದೊಡ್ಡ ಬಂಡೆ ಹೆಜ್ಜೆ ಹಾಕುತ್ತದೆ. ನಮ್ಮ ಹರಿಕಥೆಗಳಲ್ಲೂ ಕಲ್ಲು ಕರಗುವುದುಂಟು. ಹನುಮಂತ ಹಾಡಿದಾಗ ಬಂಡೆ ನೀರಾಯಿತು, ನಾರದರು ಅದರಲ್ಲಿಟ್ಟ ವೀಣೆ ಹಾಡು ನಿಂತಾಗ ಕಲ್ಲಿನಲ್ಲಿ ಸಿಕ್ಕಿಕೊಂಡಿತು, ನಾರದರು ಏನು ಮಾಡಿದರೂ ಬಿಡಲಿಲ್ಲ ಎಂಬ ಕಥೆ ಬಹಳ ಮಂದಿಗೆ ಗೊತ್ತು. ಅಲ್ಲಿ ಕಲ್ಲನ್ನು ಕರಗಿಸಿದ್ದು ವಾದ್ಯವಲ್ಲ, ಭಕ್ತಿ ತುಂಬಿದ ಕಂಠ. ಉದಯನನ ಕಥೆಯ ಶಿಸ್ತು ಇನ್ನೂ ಬಿಗಿ: ಕಿವಿಯಿಲ್ಲದ್ದನ್ನು ವೀಣೆ ಗೆಲ್ಲುವುದಿಲ್ಲ.

ಸೆರೆಯಾಳನ್ನು ಉಜ್ಜಯಿನಿಗೆ ಒಯ್ದರು. ಪ್ರದ್ಯೋತನಿಗೆ ಆ ವಿದ್ಯೆ ಬೇಕು. ಆದರೆ ಗುರುವೆಂದು ನಮಸ್ಕರಿಸಿದರೆ ಮಾತ್ರ ಕಲಿಸುವೆ ಎಂದು ಉದಯನ ಹಟ ಹಿಡಿದ. ಕೈದಿಗೆ ಅರಸ ಕೈಮುಗಿಯುವುದುಂಟೆ? ಪ್ರದ್ಯೋತ ಮಗಳು ವಾಸವದತ್ತೆಯನ್ನು ಕಲಿಯಲು ಕೂರಿಸಿ ನಡುವೆ ಪರದೆ ಕಟ್ಟಿಸಿದ. ಆಚೆ ಕೂತವಳು ಗೂನುಬೆನ್ನಿನ ಹೆಂಗಸು ಎಂದು ಉದಯನನಿಗೂ, ಈಚೆ ಕೂತವನು ಕುಷ್ಠರೋಗಿ ಎಂದು ಮಗಳಿಗೂ ಹೇಳಿದ. ಒಂದು ದಿನ ಮಂತ್ರ ಅವಳ ಬಾಯಲ್ಲಿ ಸರಿಯಾಗಿ ಹೊರಳಲಿಲ್ಲ. ಗುರು ರೇಗಿ ಅವಳ ಗೂನನ್ನೂ ದಪ್ಪ ತುಟಿಯನ್ನೂ ಬೈದ. ಅವಳು ಸಿಟ್ಟಿನಿಂದ ಅವನ ಕುಷ್ಠವನ್ನು ಆಡಿದಳು. ಇಬ್ಬರಿಗೂ ಅಚ್ಚರಿ. ಪರದೆ ಸರಿಯಿತು. ಪಾಲಿ ಕಥೆಗಾರನಿಗೆ ಪ್ರೀತಿ ಹುಟ್ಟಿಸಲು ಇಂಪಾದ ಸ್ವರ ಬೇಕಾಗಲಿಲ್ಲ, ತಪ್ಪಿದ ಪಾಠವೊಂದು ಸಾಕಾಯಿತು.

ಇಬ್ಬರೂ ಭದ್ರವತಿ ಎಂಬ ಹೆಣ್ಣಾನೆಯ ಮೇಲೆ ಕೌಶಾಂಬಿಗೆ ಓಡಿಹೋದರು. ಬೆನ್ನಟ್ಟಿದವರನ್ನು ತಡೆಯಲು ಚೀಲಗಳಿಂದ ನಾಣ್ಯ ಚೆಲ್ಲಿದರು. ಸೈನಿಕರು ಅದನ್ನು ಆಯುತ್ತ ನಿಂತುಬಿಟ್ಟರು. ಈ ದೃಶ್ಯ ಪುಸ್ತಕದಲ್ಲಷ್ಟೇ ಉಳಿದಿಲ್ಲ. ಕೌಶಾಂಬಿಯಲ್ಲಿ ಸಿಕ್ಕ ಶುಂಗರ ಕಾಲದ ಸುಟ್ಟ ಮಣ್ಣಿನ ಫಲಕವೊಂದರಲ್ಲಿ ಓಡುವ ಆನೆ, ಅದರ ಮೇಲೆ ಕೂತವರು, ಹಿಂದಿನಿಂದ ಸುರಿಯುವ ನಾಣ್ಯ, ಅದನ್ನು ಆಯುವ ಜನ, ಎಲ್ಲವೂ ಇದೆ. ಪಾಲಿ ಗ್ರಂಥ ಬರಹಕ್ಕಿಳಿಯುವ ಎಷ್ಟೋ ಶತಮಾನ ಮೊದಲೇ ಕುಂಬಾರರ ಅಚ್ಚಿನಲ್ಲಿ ಈ ಕಥೆ ಸಿದ್ಧವಾಗಿತ್ತು. ಅವಂತಿಯ ಊರುಗಳ ಹಿರಿಯರು ಉದಯನನ ಕಥೆ ಬಲ್ಲವರು ಎಂದು ಕಾಳಿದಾಸ ಮೇಘದೂತದಲ್ಲಿ ಹೇಳಿದ್ದು ಸುಮ್ಮನೆ ಅಲ್ಲ.

ಇಂಥ ವೀಣೆ ನೋಡಲು ಹೇಗಿದ್ದೀತು? ಇಂದಿನ ಸರಸ್ವತಿ ವೀಣೆಯನ್ನು ನೆನೆದರೆ ದಾರಿ ತಪ್ಪುತ್ತದೆ. ಮೆಟ್ಟಿಲುಗಳುಳ್ಳ ಆ ವೀಣೆ ಬಂದದ್ದು ಬಹಳ ಕಾಲದ ಮೇಲೆ. ಆ ಕಾಲದ ವೀಣೆ ಬಿಲ್ಲಿನ ಆಕಾರದ್ದು. ಚರ್ಮ ಹೊದಿಸಿದ ದೋಣಿಯಂಥ ಒಡಲು, ಅದರಿಂದ ಬಾಗಿ ಮೇಲೇಳುವ ದಂಡಿ, ಎರಡರ ನಡುವೆ ಬಿಗಿದ ತಂತಿಗಳು. ಒಂದೊಂದು ತಂತಿಗೆ ಒಂದೊಂದೇ ಸ್ವರ. ಹಾಗಿರುವುದರಿಂದಲೇ ಈ ತಂತಿ ಮಿಡಿದರೆ ಹೀಗೆ, ಆ ತಂತಿ ಮಿಡಿದರೆ ಹಾಗೆ ಎಂಬ ಪಾಲಿ ಕಥೆಯ ಮಾತಿಗೆ ಅರ್ಥ ಬರುತ್ತದೆ. ಭರ್ಹುತ್‌ನ ಶಿಲ್ಪಗಳಲ್ಲಿ ಇಂಥ ವೀಣೆ ಇದೆ. 4ನೇ ಶತಮಾನದ ಸಮುದ್ರಗುಪ್ತ ತನ್ನ ಚಿನ್ನದ ನಾಣ್ಯದಲ್ಲಿ ತೊಡೆಯ ಮೇಲಿಟ್ಟು ನುಡಿಸುತ್ತಿರುವುದೂ ಇದನ್ನೇ. ನಾಟ್ಯಶಾಸ್ತ್ರ ಏಳು ತಂತಿಯ ಚಿತ್ರಾ ವೀಣೆಯನ್ನು ಬೆರಳಿನಿಂದಲೂ, ಒಂಬತ್ತು ತಂತಿಯ ವಿಪಂಚಿಯನ್ನು ಕೋಣದಿಂದಲೂ ನುಡಿಸಬೇಕೆನ್ನುತ್ತದೆ. ಮುಂದೆ ಈ ಬಗೆಯ ವೀಣೆ ನಮ್ಮಲ್ಲಿ ಹೆಚ್ಚುಕಡಿಮೆ ಮರೆಯಾಯಿತು. ಮ್ಯಾನ್ಮಾರ್‌ನ ‘ಸೌಂಗ್’ ಮಾತ್ರ ಆ ರೂಪವನ್ನು ಇಂದಿಗೂ ಕಾಪಾಡಿಕೊಂಡಿದೆ.

ಆನೆಗೆ ಸಂಗೀತ ಕೇಳಿಸಿ ಪಳಗಿಸುವುದು ಬರೀ ಕಲ್ಪನೆಯೂ ಅಲ್ಲ. ಹೊಸದಾಗಿ ಹಿಡಿದ ಆನೆ ಮೇವು ಮುಟ್ಟದೆ ಮುನಿಸಿಕೊಂಡರೆ ಭಾರತೀಯರು ಸುತ್ತ ನಿಂತು ಹಾಡಿ, ತಮಟೆ ತಾಳ ಬಾರಿಸಿ ಸಮಾಧಾನ ಮಾಡುತ್ತಾರೆ ಎಂದು 2ನೇ ಶತಮಾನದ ಅರಿಯನ್ ಬರೆದಿದ್ದಾನೆ. ಅವನ ನಂತರದ ಈಲಿಯನ್ ಇದೇ ಕೆಲಸಕ್ಕೆ ತಂತಿವಾದ್ಯವೊಂದನ್ನು ನುಡಿಸುತ್ತಿದ್ದರೆಂದು ಹೇಳುತ್ತಾನೆ. ನಾದಕ್ಕೆ ಮನಸೋತ ಆನೆಯ ಕೋಪ ಇಳಿದು, ಮೆಲ್ಲಗೆ ಅದು ಮೇವಿನ ಕಡೆ ನೋಡುತ್ತದಂತೆ. ಅಸ್ಸಾಮಿನಲ್ಲಿ ಕಾಡಾನೆಯನ್ನು ಕಟ್ಟಿಹಾಕಿ ಮೈಸವರುತ್ತ ಹಾಡುವ ಪದ್ಧತಿ ನಮ್ಮ ಕಾಲದವರೆಗೂ ನಡೆದುಬಂದಿದೆ. ಅಲ್ಲಿನ ಮಾವುತರ ಹಾಡುಗಳೇ ಒಂದು ಜನಪದ ಪ್ರಕಾರ.

ಇದಕ್ಕೆ ಕಾರಣ ಹುಡುಕಿದರೆ ಸಿಗುವುದು ಮಾಯೆಯಲ್ಲ, ರೂಢಿ. ಸೆರೆಸಿಕ್ಕ ಆನೆಗೆ ಮನುಷ್ಯನ ದನಿ ಮೊದಮೊದಲು ಅಪಾಯದ ಸೂಚನೆ. ಅದೇ ದನಿ, ಅದೇ ಧಾಟಿ, ದಿನಗಟ್ಟಲೆ ಕಿವಿಗೆ ಬಿದ್ದು, ಪ್ರತಿ ಸಲವೂ ಹಿಂದೆಯೇ ಮೇವು ನೀರು ಬಂದರೆ ಭಯ ಕರಗುತ್ತದೆ. ಆನೆಯ ಕಿವಿಯೂ ಅದಕ್ಕೆ ತಕ್ಕುದು. ಮನುಷ್ಯನಿಗೆ ಕೇಳಿಸದಷ್ಟು ತಗ್ಗಿನ ದನಿಯಲ್ಲಿ ಆನೆಗಳು ಮಾತಾಡಿಕೊಳ್ಳುತ್ತವೆ ಎಂಬುದನ್ನು 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಕೇಟಿ ಪೇನ್ ಗುರುತಿಸಿದರು. ಮದವೇರಿದ ಗಂಡಾನೆಯ ಮಾತು ಬೇರೆ. ಕಪೋಲದಿಂದ ಮದ ಸುರಿಯುವ ದಿನಗಳಲ್ಲಿ ಅದು ಸಾಕಿದ ಮಾವುತನನ್ನೂ ಲೆಕ್ಕಿಸದು. ಬಲವಾಗಿ ಕಟ್ಟಿಹಾಕಿ ಕಾಯುವುದೊಂದೇ ದಾರಿ. ಭಾಸನ ಪ್ರತಿಜ್ಞಾಯೌಗಂಧರಾಯಣ ನಾಟಕದಲ್ಲಿ ಹುಚ್ಚೆದ್ದ ನಳಾಗಿರಿಯನ್ನು ಉದಯನನೊಬ್ಬನೇ ಪಳಗಿಸಬಲ್ಲ ಎಂದು ಇಡೀ ಉಜ್ಜಯಿನಿ ನಂಬುವುದರ ಬೆಲೆ ಇದನ್ನು ಬಲ್ಲವರಿಗೆ ಗೊತ್ತಾಗುತ್ತದೆ.

ಭಾಸನದೇ ಸ್ವಪ್ನವಾಸವದತ್ತದಲ್ಲಿ ಘೋಷವತಿ ಮತ್ತೆ ಬರುತ್ತದೆ, ನುಡಿಯುವುದಿಲ್ಲ. ವಾಸವದತ್ತೆ ಬೆಂಕಿಯಲ್ಲಿ ಸತ್ತಳೆಂದು ಉದಯನ ನಂಬಿದ್ದಾನೆ. ನರ್ಮದೆಯ ದಡದ ಪೊದೆಯಲ್ಲಿ ಯಾರಿಗೋ ಆ ವೀಣೆ ಸಿಗುತ್ತದೆ. ಅದರ ದಂಡಿಯ ಮೇಲೆ ಹಕ್ಕಿಗಳ ಕೊಳೆ ಮೆತ್ತಿದೆ. ಅವಳ ಮಡಿಲಲ್ಲಿ ಮಲಗುತ್ತಿದ್ದ ನೀನು ಕಾಡಿನಲ್ಲಿ ಹೇಗೆ ಉಳಿದೆ ಎಂದು ಅರಸ ವೀಣೆಯನ್ನೇ ಕೇಳುತ್ತಾನೆ. ಆನೆಗಳನ್ನು ಕರೆಯುತ್ತಿದ್ದ ವಾದ್ಯ ಇಲ್ಲಿ ಒಂದು ಸ್ವರವನ್ನೂ ಹೊರಡಿಸದೆ ಹಳೆಯ ಪ್ರೀತಿಯನ್ನು ಪೂರ್ತಿಯಾಗಿ ಎಬ್ಬಿಸುತ್ತದೆ.

ಉದಯನನ ವಂಶದ ಕಥೆಗೂ ಕನ್ನಡ ನಾಡಿಗೂ ನೇರ ನಂಟಿದೆ. ಅವನ ಮಗ ನರವಾಹನದತ್ತನನ್ನು ನಾಯಕನನ್ನಾಗಿಸಿ ಗುಣಾಢ್ಯ ಪೈಶಾಚಿಯಲ್ಲಿ ಬರೆದ ಬೃಹತ್ಕಥೆ ಕಳೆದುಹೋಗಿದೆ. ಅದನ್ನು ಸಂಸ್ಕೃತಕ್ಕೆ ತಂದವನು 6ನೇ ಶತಮಾನದ ಗಂಗ ದೊರೆ ದುರ್ವಿನೀತ ಎಂದು ಗುಮ್ಮರೆಡ್ಡಿಪುರದ ತಾಮ್ರಶಾಸನ ಹೇಳುತ್ತದೆ. ಆನೆಯನ್ನೇ ಲಾಂಛನವಾಗಿ ಇಟ್ಟುಕೊಂಡ ಮನೆತನ ಅದು. ಅದೇ ವಂಶದ ಎರಡನೆಯ ಶಿವಮಾರ ಆನೆಗಳ ಬಗ್ಗೆ ‘ಗಜಾಷ್ಟಕ’ವೆಂಬ ಕನ್ನಡ ಕೃತಿ ರಚಿಸಿದ. ದುರ್ವಿನೀತನ ಸಂಸ್ಕೃತ ಬೃಹತ್ಕಥೆಯಂತೆ ಅದೂ ಇಂದು ಉಳಿದಿಲ್ಲ. ಆದರೆ ಹೆಂಗಸರು ಬತ್ತ ಕುಟ್ಟುವಾಗ ಅದನ್ನು ಒನಕೆವಾಡಾಗಿ ಹಾಡುತ್ತಿದ್ದರೆಂದು 11ನೇ ಶತಮಾನದ ಶಾಸನವೊಂದು ದಾಖಲಿಸಿದೆ.