ಹೋಂವರ್ಕ್ ಚಾಟ್‌ಬಾಟ್: ಪ್ರಾಂಶುಪಾಲರ ಭಾಷಣದಲ್ಲಿ ಇರಬೇಕಾದ ಮಾತು

ಹೋಂವರ್ಕಿಗೆ ನೆರವಾಗುವ ಚಾಟ್‌ಬಾಟ್ ತರಿಸುವ ಶಾಲೆಯಲ್ಲಿ ಪೋಷಕರ ಸಭೆ ಕರೆದು ಪ್ರಾಂಶುಪಾಲರು ಅದನ್ನು ಪರಿಚಯಿಸುತ್ತಾರೆ. ರಾತ್ರಿ ಹತ್ತಕ್ಕೂ ಸಂದೇಹ ಕೇಳಬಹುದು, ಎಷ್ಟು ಸಲ ಕೇಳಿದರೂ ಬೇಸರಿಸುವುದಿಲ್ಲ ಎಂದು ಅದರ ಗುಣಗಾನ ನಡೆಯುತ್ತದೆ. ಆದರೆ ಪೋಷಕರು ತಿಳಿದುಕೊಳ್ಳಬೇಕಾದ್ದು ಒಂದೇ: ಮಗು ಪ್ರಶ್ನೆ ಕೇಳಿದಾಗ ಅದು ಉತ್ತರ ಕೊಡುತ್ತದೆಯೋ, ಸುಳಿವು ಕೊಡುತ್ತದೆಯೋ?

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಟರ್ಕಿಯಲ್ಲಿ 2023ರಲ್ಲಿ ಗೊತ್ತಾಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಸುಮಾರು 1,000 ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ ಗಣಿತದ ಅಭ್ಯಾಸಕ್ಕೆ ಕೂರಿಸಿದರು. ಒಂದು ಗುಂಪಿಗೆ ಪುಸ್ತಕ, ಟಿಪ್ಪಣಿ ಮಾತ್ರ. ಇನ್ನೊಂದಕ್ಕೆ ಕೇಳಿದ್ದಕ್ಕೆಲ್ಲ ಉತ್ತರಿಸುವ ಚಾಟ್‌ಬಾಟ್. ಮೂರನೆಯದಕ್ಕೆ ಸುಳಿವಷ್ಟೇ ಕೊಡುವ ಚಾಟ್‌ಬಾಟ್. ಅದಕ್ಕೆ ಸರಿಯಾದ ಉತ್ತರಗಳನ್ನೂ ಮಕ್ಕಳು ಎಡವುವ ಜಾಗಗಳನ್ನೂ ಶಿಕ್ಷಕರೇ ಮೊದಲು ತಿಳಿಸಿಕೊಟ್ಟಿದ್ದರು. ಅಭ್ಯಾಸದ ವೇಳೆ ಚಾಟ್‌ಬಾಟ್ ಇದ್ದ ಎರಡೂ ಗುಂಪುಗಳು ಮುಂದಿದ್ದವು. ಬಳಿಕ ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಉತ್ತರ ಪಡೆಯುತ್ತಿದ್ದ ಗುಂಪಿನ ಅಂಕ ಪುಸ್ತಕದ ಗುಂಪಿಗಿಂತ ಶೇ 17ರಷ್ಟು ಕಡಿಮೆಯಾಗಿತ್ತು. ಸುಳಿವಿನ ಗುಂಪಿಗೆ ಈ ಹಾನಿ ಬಹುಮಟ್ಟಿಗೆ ತಟ್ಟಲಿಲ್ಲ.

ಕಾರಣ ತಿಳಿಯಲು ಒಂದು ಲೆಕ್ಕ ನೋಡಿ. ಅಂಗಡಿಯವನು 400 ರೂಪಾಯಿಗೆ ಕೊಂಡ ವಸ್ತುವಿಗೆ ಶೇ 10 ರಿಯಾಯಿತಿ ಕೊಟ್ಟ ಮೇಲೂ ಶೇ 8 ಲಾಭ ಸಿಗಬೇಕು. ಚೀಟಿಯಲ್ಲಿ ಎಷ್ಟು ಬೆಲೆ ಬರೆಯಬೇಕು? ಹತ್ತು, ಎಂಟು ಕೂಡಿಸಿ 400ಕ್ಕೆ ಶೇ 18 ಸೇರಿಸುವ ಮಗು 472 ಎನ್ನುತ್ತದೆ. ಉತ್ತರ ಕೊಡುವ ಚಾಟ್‌ಬಾಟ್ 480 ಎಂದು ಹಂತಹಂತವಾಗಿ ಬರೆದುಕೊಡುತ್ತದೆ, ಮಗು ನಕಲು ಮಾಡಿಕೊಳ್ಳುತ್ತದೆ. ಸುಳಿವು ಕೊಡುವುದು ಹೀಗೆ ಕೇಳುತ್ತದೆ: “472ಕ್ಕೆ ಶೇ 10 ಕಳೆದರೆ ಎಷ್ಟು ಉಳಿಯುತ್ತದೆ?” 424 ರೂಪಾಯಿ 80 ಪೈಸೆ. ಬೇಕಾದದ್ದು 432. ರಿಯಾಯಿತಿ ಕಳೆಯುವುದು ಚೀಟಿಯ ಬೆಲೆಯಿಂದ, ಲಾಭ ಎಣಿಸುವುದು ಕೊಂಡ ಬೆಲೆಯ ಮೇಲೆ, ಎರಡನ್ನೂ ಒಟ್ಟಿಗೆ ಕೂಡಿಸಬಾರದು ಎಂಬುದು ಆಗ ಮಗುವಿಗೇ ಹೊಳೆಯುತ್ತದೆ.

ಹಾಗೆಂದು ಚಾಟ್‌ಬಾಟ್ ಹೇಳಿದ್ದೆಲ್ಲ ಸರಿಯಲ್ಲ. ತಪ್ಪು ಲೆಕ್ಕವನ್ನೂ ಅದು ಅಷ್ಟೇ ಧೈರ್ಯದಿಂದ ಹೇಳುತ್ತದೆ. ಆದ್ದರಿಂದ ಪ್ರತಿ ಪಾಠದ ಉತ್ತರ, ಸಾಮಾನ್ಯ ತಪ್ಪುಗಳನ್ನು ಅದಕ್ಕೆ ಒದಗಿಸುವವರು ಯಾರು, ಮಕ್ಕಳ ಸಂಭಾಷಣೆಯನ್ನು ಶಿಕ್ಷಕರು ಓದಬಲ್ಲರೇ ಎಂದು ಸಭೆಯಲ್ಲೇ ಕೇಳಬೇಕು. ಆ ಕೆಲಸಕ್ಕೆ ಶಿಕ್ಷಕರಿಗೆ ಸಮಯ ಕೊಡದ ಶಾಲೆಯಲ್ಲಿ ಉಳಿಯುವುದು ಉತ್ತರ ಒಪ್ಪಿಸುವ ಯಂತ್ರವೇ.

ಮನೆಯಲ್ಲಿ ಪರೀಕ್ಷಿಸುವುದೂ ಸುಲಭ. ಹೋಂವರ್ಕ್ ಮುಗಿದ ಮರುದಿನ ಅದೇ ಲೆಕ್ಕದ ಅಂಕಿ ಬದಲಿಸಿ, ಮೊಬೈಲ್ ಪಕ್ಕಕ್ಕಿಟ್ಟು ಮಾಡಿಸಿ. ನೋಟ್‌ಬುಕ್ಕಿನಲ್ಲಿ ಎಲ್ಲ ಸರಿಯಿದ್ದು ಇಲ್ಲಿ ಮಗು ಮೊದಲ ಹೆಜ್ಜೆಯಲ್ಲೇ ನಿಂತರೆ, ಹೋಂವರ್ಕ್ ಮಾಡಿದ್ದು ಯಾರೆಂಬುದು ಸ್ಪಷ್ಟ.