ನಾನಿನ್ನೂ ಇದ್ದೀನಲ್ಲೋ!

“ಅಜ್ಜಿ, ಅಕ್ಕನ ಮದುವೆ ಮೆಸೇಜ್ ರೆಡಿ. ಒಂದ್ಸಲ ಓದಿಬಿಡು, ನೆಂಟರಿಗೆಲ್ಲ ಕಳಿಸ್ತೀನಿ” ಎಂದು ಎಂಟನೇ ತರಗತಿಯ ಮೊಮ್ಮಗ ಮೊಬೈಲ್ ಕೈಗಿತ್ತ. ದೂರದ ಊರಿನವರಿಗೆ ಲಗ್ನಪತ್ರಿಕೆ ತಲುಪುವ ಮೊದಲು ವಾಟ್ಸಾಪ್‌ನಲ್ಲಿ ಹೋಗಬೇಕಾದ ಕರೆ ಅದು. ಕನ್ನಡಕ ಹಾಕಿಕೊಂಡು ಓದಲು ಕೂತೆ.

ಎರಡನೇ ಸಾಲಿಗೇ ಬೆಚ್ಚಿದೆ. ಮೊದಲಿಗೆ ‘ದಿವಂಗತ’ ಎಂದು ಬರೆದು, ಮುಂದೆ ಅವನ ತಾತನ ಹೆಸರು, ‘ಮತ್ತು’, ಆಮೇಲೆ ನನ್ನ ಹೆಸರು, ಕೊನೆಗೆ ‘ಇವರ ಮೊಮ್ಮಗಳು’ ಎಂದಿತ್ತು.

“ನಾನಿನ್ನೂ ಇದ್ದೀನಲ್ಲೋ!” ಎಂದೆ.

ಅವನಿಗೆ ಅರ್ಥವಾಗಲಿಲ್ಲ. “ಕೆಂಪು ಅಂಗಿ ಮತ್ತು ಟೋಪಿ ಅಂದ್ರೆ ಟೋಪಿ ಯಾವ ಬಣ್ಣ?” ಎಂದು ಕೇಳಿದೆ. “ಅದೂ ಕೆಂಪೇ” ಎಂದವನು ನಾಲಿಗೆ ಕಚ್ಚಿಕೊಂಡ. ಮೊದಲು ಬಂದ ವಿಶೇಷಣ ‘ಮತ್ತು’ ದಾಟಿ ಮುಂದಿನ ಹೆಸರಿಗೂ ಅಂಟಿಕೊಳ್ಳುತ್ತದೆ. ಬದುಕಿರುವವರ ಹೆಸರನ್ನು ಮುಂದೆ ತಂದರೆ ಗೊಂದಲವಿಲ್ಲ. ‘ಶ್ರೀಮತಿ’ ಎಂದು ನನ್ನ ಹೆಸರು ಮೊದಲು, ‘ಮತ್ತು ದಿವಂಗತ’ ಎಂದು ತಾತನ ಹೆಸರು ನಂತರ ಬಂತು.

ಮುಂದೆ ಒಂದು ಉದ್ದನೆಯ ವಾಕ್ಯ. ‘ವಿವಾಹವನ್ನು’ ಎಂದು ಶುರುವಾಗಿ, ತಿಥಿ, ವಾರ, ಮುಹೂರ್ತ, ಛತ್ರದ ವಿಳಾಸ ಎಲ್ಲ ಮುಗಿದು ‘ನೆರವೇರಲಿದೆ’ ಎಂದು ನಿಂತಿತ್ತು. “ಮಧ್ಯದ್ದೆಲ್ಲ ಬಿಟ್ಟು ಎರಡು ತುದಿ ಮಾತ್ರ ಜೋಡಿಸಿ ಓದು” ಎಂದೆ. “ವಿವಾಹವನ್ನು ನೆರವೇರಲಿದೆ” ಎಂದು ಓದಿ ಅವನೇ ನಕ್ಕ. ವಿವಾಹ ತಾನಾಗಿ ನೆರವೇರುವುದಾದರೆ ‘ವಿವಾಹವು ನೆರವೇರಲಿದೆ’ ಎನ್ನಬೇಕು. ‘ವಿವಾಹವನ್ನು’ ಎಂದರೆ ಅದನ್ನು ಮಾಡಿಸುವವರು ಬೇಕು. ಆಗ ‘ನೆರವೇರಿಸಲು ನಿಶ್ಚಯಿಸಿದ್ದೇವೆ’ ಎಂದು ಮುಗಿಸಬೇಕು. ನಾವು ಮೊದಲನೆಯದನ್ನು ಇಟ್ಟುಕೊಂಡೆವು. ವಾಕ್ಯ ಉದ್ದವಾದಷ್ಟೂ ತಲೆ ಬಾಲ ಒಂದಕ್ಕೊಂದು ಹೊಂದದೆ ಹೋಗುವುದು ಹೆಚ್ಚು.

ಆಮೇಲೆ ‘ಸಕುಟುಂಬ ಸಮೇತರಾಗಿ’ ಸಿಕ್ಕಿತು. ‘ಸಕುಟುಂಬ’ದ ‘ಸ’ ಎಂದರೇ ‘ಜೊತೆಗೆ’. ‘ಸಮೇತ’ ಎಂದರೂ ಅದೇ. ‘ಸಕುಟುಂಬರಾಗಿ’ ಅಥವಾ ‘ಕುಟುಂಬ ಸಮೇತರಾಗಿ’, ಯಾವುದಾದರೂ ಒಂದು ಸಾಕು. “ಎಷ್ಟೋ ಪತ್ರಿಕೆಗಳಲ್ಲಿ ಹೀಗೇ ಇರುತ್ತಲ್ಲಜ್ಜಿ?” ಎಂದ. ನಿಜ, ರೂಢಿಯಾಗಿದೆ, ಅದರಿಂದ ಯಾರೂ ತಪ್ಪು ತಿಳಿಯುವುದೂ ಇಲ್ಲ. ಆದರೆ ತಿದ್ದಲು ಕೂತಮೇಲೆ ಬಿಡುವುದೇಕೆ?

ಕೊನೆಯ ಸಾಲು ‘ಎಲ್ರೂ ಬನ್ನಿ, ಮಿಸ್ ಮಾಡ್ಬೇಡಿ’. ಇದು ಅವನ ಗೆಳೆಯರಿಗೆ ಸರಿ. ಎಂಬತ್ತು ದಾಟಿದ ನನ್ನ ಸೋದರಮಾವನಿಗೂ ಇದೇ ಮೆಸೇಜ್ ಹೋಗುತ್ತದಲ್ಲ! ‘ತಾವು ಕುಟುಂಬ ಸಮೇತರಾಗಿ ಆಗಮಿಸಿ, ವಧೂವರರನ್ನು ಆಶೀರ್ವದಿಸಬೇಕಾಗಿ ಕೋರುತ್ತೇವೆ’ ಎಂದು ಬರೆಸಿದೆ. ಗೆಳೆಯರಿಗೆ ಅವನ ಸಾಲನ್ನೇ ಬೇರೆಯಾಗಿ ಕಳಿಸಿಕೊಳ್ಳಲು ಬಿಟ್ಟೆ.

ಮೆಸೇಜ್ ಹೋದ ಹತ್ತೇ ನಿಮಿಷಕ್ಕೆ ನಾದಿನಿಯ ಫೋನ್.

“ಏನತ್ತಿಗೆ, ನಮ್ಮಣ್ಣನಿಗಿಂತ ಮುಂದೆ ನಿಮ್ಮ ಹೆಸರು?”

“ಬದುಕಿದ್ದೀನಿ ಅಂತ ಎಲ್ರಿಗೂ ತಿಳೀಬೇಕಲ್ಲಮ್ಮ!” ಎಂದೆ. ಪಕ್ಕದಲ್ಲಿ ಮೊಮ್ಮಗ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಗುತ್ತಿದ್ದ.